ಜೇಡಿಮಣ್ಣಿನ ಬೆಟ್ಟ ಗೋಡೆಯಾದದ್ದು ಯಾಕೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 1:50,000 ಟೋಪೋಶೀಟಿನಲ್ಲಿ ನಮ್ಮೂರ ಬೆಟ್ಟ ಇರುವ ಭಾಗವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿಸಿ ಜೆರಾಕ್ಸ್ ತೆಗೆಸಿದೆ. 20 ಮೀಟರ್ ಎತ್ತರಕ್ಕೆ ಒಂದು ಸಮೋನ್ನತಿ ರೇಖೆ ಇದೆ. ಪ್ರತಿ ರೇಖೆಗೂ 1 ಸೆಂ.ಮೀ. ದಪ್ಪದ ಜೇಡಿಮಣ್ಣಿನ ಹಾಳೆ ಕತ್ತರಿಸಿ, 760ರಿಂದ 860ರವರೆಗೆ ಆರು ಹಾಳೆ ಪೇರಿಸಿದೆವು. ತುದಿ 873 ಮೀ. ದಕ್ಷಿಣದ ಕಡೆ ಬೆಟ್ಟ ಗೋಡೆ ಹಾಗೆ ನಿಂತಿತು. "ಮೇಡಂ, ಜಾತ್ರೆಗೆ ನಾವು ಅಲ್ಲೇ ಹತ್ತೋದು" ಅಂತ ಮಕ್ಕಳು ನಕ್ಕರು. ಬೆಟ್ಟದ ಗುಡಿಯಿಂದ ಕೆರೆ ಕೋಡಿಗೆ ಅಳೆದು ಲೆಕ್ಕ ಹಾಕಿದರೆ 6 ಕಿ.ಮೀ. ಬಂತು, ಬೈಕಿನಲ್ಲಿ 2 ಕಿ.ಮೀ. ಕೂಡ ಆಗಲ್ಲ. ರೇಖೆಗಳು ಒತ್ತಾಗಿರುವ ಕಡೆ ಎತ್ತರ ಜಾಸ್ತಿ ಅಂತ ಹೇಳಿಕೊಟ್ಟಿದ್ದೆ. ಅದೂ ತಪ್ಪಾ?

ಉತ್ತರ: ಮೇಡಂ, ಕೊನೆಯದ್ದು ತಪ್ಪು. ಉಳಿದೆರಡರಲ್ಲಿ ನಿಮ್ಮ ಕೆಲಸ ಸರಿಯಾಗಿಯೇ ಇದೆ, ಲೆಕ್ಕ ಮಾತ್ರ ಜಾರಿದೆ. ಸುಲಭದ್ದನ್ನು ಮೊದಲು ಮುಗಿಸೋಣ.

ನಿಮ್ಮ ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಇವತ್ತಿಗೂ "1:50,000" ಅಂತಲೇ ಇರಬೇಕು. ಜೆರಾಕ್ಸ್ ಯಂತ್ರ ಚಿತ್ರವನ್ನು ಹಿಗ್ಗಿಸುತ್ತದೆ, ಬರೆದ ಅಂಕಿಯನ್ನು ತಿದ್ದುವುದಿಲ್ಲ. ಮೂಲ ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 50,000 ಸೆಂ.ಮೀ., ಅಂದರೆ 500 ಮೀಟರ್. ನಾಲ್ಕು ಪಟ್ಟು ಹಿಗ್ಗಿಸಿದ ಮೇಲೆ ಅದೇ 500 ಮೀಟರ್ 4 ಸೆಂ.ಮೀ. ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿ ಈಗ 1 ಸೆಂ.ಮೀ. ಅಂದರೆ 125 ಮೀಟರ್. ನಿಮ್ಮ ಕೈಯಲ್ಲಿರುವುದು 1:12,500 ನಕ್ಷೆ. ನಿಮಗೆ 6 ಕಿ.ಮೀ. ಬಂದಿದೆ ಅಂದರೆ ಗುಡಿಯಿಂದ ಕೋಡಿಗೆ ನೀವು ಅಳೆದದ್ದು 12 ಸೆಂ.ಮೀ. ಇರಬೇಕು. ಅದನ್ನು 125ರಿಂದ ಗುಣಿಸಿದರೆ 1,500 ಮೀಟರ್, ಅಂದರೆ ಒಂದೂವರೆ ಕಿ.ಮೀ. ಬೈಕು ಇನ್ನೂ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ರಸ್ತೆ ಸುತ್ತುತ್ತದೆ, ನಿಮ್ಮ ಸ್ಕೇಲು ನೇರ ಹೋಗುತ್ತದೆ. ರಸ್ತೆಯ ಉದ್ದವೇ ಬೇಕಿದ್ದರೆ ಒಂದು ದಾರವನ್ನು ಒದ್ದೆ ಮಾಡಿ ರಸ್ತೆಯ ತಿರುವಿನ ಮೇಲೆ ಕೂರಿಸಿ, ಆಮೇಲೆ ಎಳೆದು ಅಳೆಯಿರಿ. ಒದ್ದೆ ದಾರ ಹೇಳಿದ ಮಾತು ಕೇಳುತ್ತದೆ, ಒಣ ದಾರ ಜಾರುತ್ತದೆ.

ಈ ಗುಂಡಿಗೆ ನಾನೂ ಬಿದ್ದಿದ್ದೇನೆ. ಒಮ್ಮೆ ಪ್ರಾಯೋಗಿಕ ಪರೀಕ್ಷೆಗೆ ನಕ್ಷೆ ಕೊಟ್ಟು ದೂರ ಕೇಳಿದ್ದೆ. ಅಚ್ಚು ಹಾಕಿದವರು ಪುಟಕ್ಕೆ ಕೂರಲಿ ಅಂತ ನಕ್ಷೆಯನ್ನು ಸ್ವಲ್ಪ ಕುಗ್ಗಿಸಿದ್ದರು. ಹುಡುಗರೆಲ್ಲ ಒಂದೇ ಉತ್ತರ ಬರೆದಿದ್ದರು, ನನ್ನ ಉತ್ತರಕ್ಕೆ ಅದು ಹೊಂದುತ್ತಿರಲಿಲ್ಲ. ಅರ್ಧ ಕಟ್ಟು ತಿದ್ದಿದ ಮೇಲೆ ತಪ್ಪು ನನ್ನದು ಅಂತ ಗೊತ್ತಾಯಿತು. ಅಂದಿನಿಂದ ಪ್ರತಿ ತೆಗೆಸುವಾಗ ನಕ್ಷೆಯ ಕೆಳಗಿರುವ ಅಳತೆ ಪಟ್ಟಿಯನ್ನೂ ಸೇರಿಸಿಯೇ ತೆಗೆಸುತ್ತೇನೆ. ಕಿಲೋಮೀಟರ್ ಗುರುತು ಹಾಕಿದ ಕಪ್ಪು ಬಿಳುಪು ಪಟ್ಟಿ ಇರುತ್ತದಲ್ಲ, ಅದು. ನಕ್ಷೆ ಹಿಗ್ಗಿದರೆ ಅದೂ ಹಿಗ್ಗುತ್ತದೆ, ಕುಗ್ಗಿದರೆ ಅದೂ ಕುಗ್ಗುತ್ತದೆ. ಮೊಬೈಲಿನಲ್ಲಿ ಎರಡು ಬೆರಳಲ್ಲಿ ಎಳೆದು ನೋಡುವ ನಕ್ಷೆಗೂ ಇದೇ ಮಾತು. ಅಲ್ಲಿ 1:50,000 ಅನ್ನುವ ಅಂಕಿಗೆ ಅರ್ಥವೇ ಇಲ್ಲ, ಪಟ್ಟಿಗೆ ಮಾತ್ರ ಇದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ, ಮಕ್ಕಳು ಖಂಡಿತ ಕೇಳುತ್ತಾರೆ. 1:12,500 "ದೊಡ್ಡ ಪ್ರಮಾಣ", 1:50,000 ಅದಕ್ಕಿಂತ "ಚಿಕ್ಕ ಪ್ರಮಾಣ". ಅಂಕಿ ದೊಡ್ಡದಾದರೆ ಪ್ರಮಾಣ ಚಿಕ್ಕದು ಹೇಗೆ ಅಂತ ಗೊಂದಲ. ಒಬ್ಬಟ್ಟನ್ನು ನಾಲ್ಕು ಜನಕ್ಕೆ ಹಂಚಿದರೆ ಸಿಗುವ ತುಂಡು ದೊಡ್ಡದೋ ಹದಿನಾರು ಜನಕ್ಕೆ ಹಂಚಿದರೋ ಅಂತ ಕೇಳಿ, ಸಾಕು.

ಈಗ ನಿಮ್ಮ ಕೊನೆಯ ಪ್ರಶ್ನೆ. ಇದಕ್ಕೆ ಮಣ್ಣಿಗಿಂತ ಮೊದಲು ನಿಮ್ಮೂರ ಕೆರೆ ಬೇಕು. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋದ ಹಾಗೆ ದಡದಲ್ಲಿ ಕೆಸರಿನ ಗೆರೆಗಳು ಉಳಿಯುತ್ತವೆ, ಒಂದರ ಒಳಗೆ ಒಂದು. ನೀರು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಒಂದು ಗೆರೆಯ ಮೇಲಿನ ಎಲ್ಲ ಜಾಗವೂ ಒಂದೇ ಎತ್ತರದಲ್ಲಿರುತ್ತದೆ. ಪಠ್ಯದಲ್ಲಿ ಬರುವ ಸಮೋನ್ನತಿ ರೇಖೆ, ಅಂದರೆ ಕಾಂಟೂರು, ಇದೇ. ಈಗ ಏರಿಯ ಮೇಲೆ ನಿಂತು ಕೆಳಗೆ ನೋಡಿ. ಅಲ್ಲಿ ಇಳಿಜಾರು ಕಡಿದು, ಗೆರೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎದುರಿಗೆ ಹಳ್ಳ ಬಂದು ಸೇರುವ ಕಡೆ ನೆಲ ಚಪ್ಪಟೆ, ಅಲ್ಲಿ ಅವೇ ಗೆರೆಗಳು ಹತ್ತಿಪ್ಪತ್ತು ಹೆಜ್ಜೆ ದೂರ ದೂರ. ಗೆರೆ ಅವೇ, ಎತ್ತರವೂ ಅದೇ. ಅಂತರ ಮಾತ್ರ ಬೇರೆ. ಹಾಗಾಗಿ ಒತ್ತಾಗಿರುವ ರೇಖೆ ಹೇಳುವುದು ಕಡಿದಾದ ಇಳಿಜಾರನ್ನು, ಎತ್ತರವನ್ನಲ್ಲ. ಎತ್ತರ ಬೇಕಿದ್ದರೆ ರೇಖೆಯ ಮೇಲಿನ ಅಂಕಿಯನ್ನೇ ಓದಬೇಕು. ನಿಮ್ಮ ಹಾಳೆಯಲ್ಲಿ 800ರ ರೇಖೆ ಉಳಿದವಕ್ಕಿಂತ ದಪ್ಪ ಇರುತ್ತದೆ. ಐದಕ್ಕೊಂದು ರೇಖೆಯನ್ನು ಹಾಗೆ ದಪ್ಪ ಮಾಡಿರುತ್ತಾರೆ, ಎಣಿಕೆ ಅಲ್ಲಿಂದ ಶುರು ಮಾಡಿ.

ನೀವು ಹಾಗೆ ಹೇಳಿಕೊಟ್ಟದ್ದಕ್ಕೆ ಕಾರಣವೂ ಊಹಿಸಬಲ್ಲೆ. ನಮ್ಮ ಕಡೆಯ ಎಷ್ಟೋ ಬಂಡೆ ಬೆಟ್ಟಗಳಲ್ಲಿ ಬುಡದ ಹತ್ತಿರ ಇಳಿಜಾರು ಸಲೀಸು, ಮೇಲೆ ಕಡಿದು. ಹಾಗಾಗಿ ಎತ್ತರದ ಕಡೆಯೇ ರೇಖೆ ಒತ್ತಾಗಿ ಕಾಣುತ್ತದೆ, ನಿಯಮ ನಿಜ ಅನಿಸುತ್ತದೆ. ಅದೇ ಮಕ್ಕಳಿಗೆ ಬಾಬಾಬುಡನ್‌ಗಿರಿ ಕಡೆಯ ಹಾಳೆ ಕೊಟ್ಟು ನೋಡಿ. ಮೇಲಿನ ಹುಲ್ಲುಗಾವಲಿನಲ್ಲಿ ಎಷ್ಟೋ ಕಡೆ ರೇಖೆಗಳು ಆರಾಮಾಗಿ ದೂರ ದೂರ ಇರುತ್ತವೆ, ಕೆಳಗಿನ ಕಣಿವೆಯ ಗೋಡೆಯಲ್ಲಿ ಒತ್ತಿಕೊಂಡಿರುತ್ತವೆ. ನಿಯಮ ಅಲ್ಲೇ ಮುರಿದು ಬೀಳುತ್ತದೆ.

ಇನ್ನು ಗೋಡೆಯ ವಿಷಯ. ಇದರ ಬಗ್ಗೆ ಪಠ್ಯಪುಸ್ತಕದಲ್ಲಿ ಹೆಚ್ಚು ಹೇಳುವುದಿಲ್ಲ, ಮಾದರಿ ಮಾಡಿದವರಿಗೆಲ್ಲ ತಗಲುವ ಕಾಟ ಮಾತ್ರ ಇದೇ.

ನಿಮ್ಮ ಮಾದರಿಯಲ್ಲಿ ಒಂದಲ್ಲ, ಎರಡು ಪ್ರಮಾಣಗಳಿವೆ. ಅಡ್ಡಕ್ಕೆ 1:12,500. ಎತ್ತರಕ್ಕೆ 20 ಮೀಟರಿಗೆ 1 ಸೆಂ.ಮೀ., ಅಂದರೆ 2,000 ಸೆಂ.ಮೀ.ಗೆ 1, ಅಂದರೆ 1:2,000. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 12,500ನ್ನು 2,000ದಿಂದ ಭಾಗಿಸಿದರೆ ಆರೂಕಾಲು. ನಿಮಗೇ ಗೊತ್ತಿಲ್ಲದೆ ಬೆಟ್ಟವನ್ನು ಆರು ಪಟ್ಟಿಗಿಂತ ಜಾಸ್ತಿ ಮೇಲಕ್ಕೆ ಎಳೆದಿದ್ದೀರಿ.

ಇದರಿಂದ ಇಳಿಜಾರಿಗೆ ಏನಾಗುತ್ತದೆ ನೋಡಿ. ಉತ್ತರದ ಕಡೆ ಮೂಲ ನಕ್ಷೆಯಲ್ಲಿ ರೇಖೆಗಳ ನಡುವೆ 2 ಮಿ.ಮೀ. ಇದೆ ಅಂದುಕೊಳ್ಳೋಣ. ನೆಲದ ಮೇಲೆ ಅದು 100 ಮೀಟರ್. 100 ಮೀಟರ್ ನಡೆದರೆ 20 ಮೀಟರ್ ಏರು, ಸುಮಾರು 11 ಡಿಗ್ರಿ. ಮಕ್ಕಳು ಓಡುತ್ತಾ ಹತ್ತುವ ಇಳಿಜಾರು. ನಿಮ್ಮ ಮಾದರಿಯಲ್ಲಿ ಆ 2 ಮಿ.ಮೀ. 8 ಮಿ.ಮೀ. ಆಗಿದೆ, ಏರು ಮಾತ್ರ 10 ಮಿ.ಮೀ. ಆಗಿದೆ. ಕೋನ ಅಳೆದರೆ 51 ಡಿಗ್ರಿ. ದಕ್ಷಿಣದಲ್ಲಿ ರೇಖೆಗಳ ನಡುವೆ ಬರೀ ಅರ್ಧ ಮಿ.ಮೀ. ಇದ್ದರೆ ನೆಲದಲ್ಲಿ ಅದು 25 ಮೀಟರ್ ಅಡ್ಡ, 20 ಮೀಟರ್ ಮೇಲೆ, ಅಂದರೆ 39 ಡಿಗ್ರಿ. ಮನೆಯ ಮಹಡಿ ಮೆಟ್ಟಿಲಿಗಿಂತ ಸ್ವಲ್ಪ ಕಡಿದು, ಬಂಡೆಯಲ್ಲಿ ಮೆಟ್ಟಿಲು ಕೆತ್ತಿದ್ದರೆ ಜಾತ್ರೆಯ ದಿನ ಅಜ್ಜಿಯರೂ ನಿಧಾನಕ್ಕೆ ಹತ್ತುತ್ತಾರೆ. ಮಾದರಿಯಲ್ಲಿ ಅದು 2 ಮಿ.ಮೀ. ಅಡ್ಡ, 10 ಮಿ.ಮೀ. ಮೇಲೆ. 79 ಡಿಗ್ರಿ. ಗೋಡೆಗೆ ಒರಗಿಸಿದ ಏಣಿಗಿಂತಲೂ ನೆಟ್ಟಗೆ. ನಿಮ್ಮ ಮಕ್ಕಳು ನಕ್ಕದ್ದು ನ್ಯಾಯವೇ.

ಒಂದು ಸೂಕ್ಷ್ಮ ಇದೆ. ಎತ್ತರವನ್ನು ಆರು ಪಟ್ಟು ಹಿಗ್ಗಿಸಿದರೆ ಕೋನ ಆರು ಪಟ್ಟು ಆಗುವುದಿಲ್ಲ, 90 ಡಿಗ್ರಿ ದಾಟಲು ಸಾಧ್ಯವೇ ಇಲ್ಲವಲ್ಲ. ಹಾಗಾಗಿ ಕಡಿದಾದ ಕಡೆ ಮತ್ತು ತೀರಾ ಕಡಿದಾದ ಕಡೆಗಳ ನಡುವಿನ ವ್ಯತ್ಯಾಸ ಮಾಯವಾಗಿ ಎರಡೂ ಗೋಡೆಯಾಗಿಯೇ ಕಾಣುತ್ತವೆ. ಹಿಗ್ಗಿಸಿದ ಮಾದರಿಯಲ್ಲಿ ನಿಜವಾಗಿ ಕೈತಪ್ಪಿ ಹೋಗುವುದು ಇದು.

ಹಾಗಾದರೆ ಹಿಗ್ಗಿಸದೇ ಮಾಡಬಹುದಾ? ಮಾಡಿ ನೋಡಿ. 1:12,500ರಲ್ಲಿ 20 ಮೀಟರ್ ಅಂದರೆ 1.6 ಮಿ.ಮೀ. ಅಷ್ಟು ತೆಳು ಮಣ್ಣಿನ ಹಾಳೆ ಕೈಯಲ್ಲಿ ಎತ್ತುವಾಗಲೇ ಹರಿಯುತ್ತದೆ. ಎತ್ತಿದಿರಿ ಅಂತಲೇ ಇಟ್ಟುಕೊಂಡರೂ, 760ರ ರೇಖೆಯಿಂದ 873ರ ತುದಿಗೆ 113 ಮೀಟರ್, ಅಂದರೆ ಒಟ್ಟು 9 ಮಿ.ಮೀ. ನಿಮ್ಮ ಬೆಟ್ಟ 3 ಕಿ.ಮೀ. ಉದ್ದ ಇದ್ದರೆ, 24 ಸೆಂ.ಮೀ. ಉದ್ದ, 1 ಸೆಂ.ಮೀ. ಕೂಡ ಇಲ್ಲದ ದಪ್ಪ. ಬೆಟ್ಟ ಹೋಗಿ ಸೆಟ್ ದೋಸೆ ಬರುತ್ತದೆ. ಮೈಸೂರಿನಿಂದ ಸುಮಾರು 300 ಮೀಟರ್ ಎದ್ದು ನಿಂತ ಚಾಮುಂಡಿ ಬೆಟ್ಟವೂ 1:50,000ರಲ್ಲಿ ಬರೀ 6 ಮಿ.ಮೀ. ನಾವು ಬೆಟ್ಟವನ್ನು ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ ರೂಢಿಯಾದವರು. ಮೇಜಿನ ಮೇಲೆ ಇಟ್ಟು ಮೇಲಿಂದ ನೋಡಿದರೆ ಅದು ಅಷ್ಟು ದೊಡ್ಡದಾಗಿ ಕಾಣುವುದೇ ಇಲ್ಲ. ಅದಕ್ಕೇ ಮಾದರಿ ಮಾಡುವವರು ಎತ್ತರವನ್ನು ಸ್ವಲ್ಪ ಹಿಗ್ಗಿಸುತ್ತಾರೆ. ಹಿಗ್ಗಿಸುವುದು ತಪ್ಪಲ್ಲ, ಎಷ್ಟು ಅಂತ ಹೇಳದಿರುವುದು ತಪ್ಪು.

ನಾನಾದರೆ 5 ಮಿ.ಮೀ. ಹಾಳೆ ಮಾಡಿಸುತ್ತೇನೆ. ಆಗ ಎತ್ತರದ ಪ್ರಮಾಣ 1:4,000, ಹಿಗ್ಗು ಮೂರು ಪಟ್ಟು. ಉತ್ತರದ ಇಳಿಜಾರು 32 ಡಿಗ್ರಿಗೆ ಇಳಿಯುತ್ತದೆ. ದಕ್ಷಿಣದ್ದು ಆಗಲೂ 68, ಅದನ್ನು ಮಣ್ಣಿನಲ್ಲಿ ಪೂರ್ತಿ ಸರಿಮಾಡಲು ಆಗಲ್ಲ. ಇನ್ನೂ ನಿಜಕ್ಕೆ ಹತ್ತಿರ ಬೇಕಿದ್ದರೆ ಮಣ್ಣು ಬಿಟ್ಟು 3 ಮಿ.ಮೀ. ರಟ್ಟು ಹಿಡಿಯಿರಿ, ಹಿಗ್ಗು ಎರಡು ಪಟ್ಟಿಗೂ ಸ್ವಲ್ಪ ಕಡಿಮೆ. ಆದರೆ ರಟ್ಟನ್ನು ಉಜ್ಜಿ ನುಣುಪು ಮಾಡಲು ಬರುವುದಿಲ್ಲ, ಬೆಟ್ಟ ಕೊನೆಗೂ ಮೆಟ್ಟಿಲಾಗಿಯೇ ಉಳಿಯುತ್ತದೆ. ನಕ್ಷೆಯನ್ನೇ ಇನ್ನೂ ಹಿಗ್ಗಿಸಿದರೆ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಹಿಗ್ಗು ಕಡಿಮೆಯಾಗುತ್ತದೆ ನಿಜ. ಆದರೆ ರೇಖೆಯೂ ಹಗ್ಗದಷ್ಟು ದಪ್ಪವಾಗುತ್ತದೆ, ಮೂಲದಲ್ಲಿ ಇಲ್ಲದ ವಿವರ ಜೆರಾಕ್ಸಿನಿಂದ ಹುಟ್ಟುವುದಿಲ್ಲ. ಮಣ್ಣೂ ಬುಟ್ಟಿಗಟ್ಟಲೆ ಬೇಕು.

ಮಣ್ಣು ಕುಂಬಾರರ ಹತ್ತಿರ ಸಿಗುವ ಜೇಡಿಯೇ ಒಳ್ಳೆಯದು. ಚಪಾತಿ ಹಿಟ್ಟಿನ ಹದಕ್ಕಿಂತ ಸ್ವಲ್ಪ ಗಟ್ಟಿ ಇರಲಿ. ಪ್ಲಾಸ್ಟಿಕ್ ಹಾಳೆ ಹಾಸಿ, ಎರಡೂ ಪಕ್ಕ 5 ಮಿ.ಮೀ. ದಪ್ಪದ ಮರದ ಪಟ್ಟಿ ಇಟ್ಟು, ನಡುವಿನ ಮಣ್ಣಿನ ಮೇಲೆ ಲಟ್ಟಣಿಗೆ ಓಡಿಸಿ. ಲಟ್ಟಣಿಗೆ ಪಟ್ಟಿಗೆ ತಾಗಿದಾಗ ದಪ್ಪ ತಾನೇ ಸರಿಯಾಗುತ್ತದೆ. ಕಣ್ಣಳತೆಯಲ್ಲಿ ಮಾಡಿದರೆ ಒಂದು ಹಾಳೆ 4, ಇನ್ನೊಂದು 8 ಮಿ.ಮೀ. ಆಗಿ ಇಷ್ಟು ಹೊತ್ತು ಹಾಕಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ನಕ್ಷೆಯ ಪ್ರತಿ ಒಂದೇ ಸಾಕು. ಕಾಗದವನ್ನು 760ರ ರೇಖೆಗೆ ಕತ್ತರಿಸಿ, ಮಣ್ಣಿನ ಹಾಳೆಯ ಮೇಲಿಟ್ಟು ಸುತ್ತ ಚಾಕು ಹಾಕಿ. ಕಾಗದ ಎತ್ತುವ ಮೊದಲು 780ರ ರೇಖೆಯ ಮೇಲೆ ಗುಂಡುಪಿನ್ನಿನಿಂದ ಚುಚ್ಚುತ್ತಾ ಹೋಗಿ. ಎತ್ತಿದಾಗ ಮಣ್ಣಿನ ಮೇಲೆ ಚುಕ್ಕಿಗಳ ಸಾಲು ಉಳಿಯುತ್ತದೆ, ಮುಂದಿನ ಹಾಳೆ ಕೂರಬೇಕಾದ ಜಾಗ ಅದೇ. ಆಮೇಲೆ ಅದೇ ಕಾಗದವನ್ನು 780ಕ್ಕೆ ಕತ್ತರಿಸಿ ಮುಂದುವರಿಸಿ. ಈ ಚುಕ್ಕಿ ಬಿಟ್ಟರೆ ಮಕ್ಕಳು ಪ್ರತಿ ಹಾಳೆಯನ್ನೂ ನಟ್ಟ ನಡುವೆ ಇಡುತ್ತಾರೆ. ಒಂದು ಪಕ್ಕ ಕಡಿದು, ಇನ್ನೊಂದು ಪಕ್ಕ ಸಲೀಸು ಇರುವ ಬೆಟ್ಟ ಬರುವ ಬದಲು ಎಲ್ಲ ಕಡೆಯೂ ಒಂದೇ ಥರದ ಗೋಪುರ ಬರುತ್ತದೆ. ಮೇಲೆ ಎರಡು ತುದಿಗಳಿದ್ದು ರೇಖೆ ಎರಡು ತುಂಡಾಗಿದ್ದರೆ ಎರಡನ್ನೂ ಒಂದೇ ಮಟ್ಟದಲ್ಲಿ ಇಡಬೇಕು, ಒಂದರ ಮೇಲೊಂದು ಅಲ್ಲ.

ಇಲ್ಲಿ ಒಂದು ತೀರ್ಮಾನ ಮಾಡಿಕೊಳ್ಳಿ. 760ರ ಹಾಳೆಯ ಮೇಲ್ಭಾಗ 760 ಮೀಟರಾ, ಕೆಳಭಾಗವಾ? ನಾನು ಮೇಲ್ಭಾಗ ಅಂತ ಇಟ್ಟುಕೊಳ್ಳುತ್ತೇನೆ. ಆಗ ನಿಜವಾದ ನೆಲ ಪ್ರತಿ ಮೆಟ್ಟಿಲಿನ ಮೇಲಂಚಿನಿಂದ ಮುಂದಿನ ಮೆಟ್ಟಿಲಿನ ಮೇಲಂಚಿಗೆ ಹೋಗುತ್ತದೆ. ಅಂದರೆ ಮೆಟ್ಟಿಲಿನ ಮೂಲೆಗೆ ಮಣ್ಣು ತುಂಬಬೇಕು, ಅಂಚನ್ನು ಕೆತ್ತಬಾರದು. ಅಂಚು ಕೆತ್ತಿದರೆ ರೇಖೆಯೇ ಹೋಯಿತು. 860ರ ಮೇಲೆ ಉಳಿದ 13 ಮೀಟರಿಗೆ 3 ಮಿ.ಮೀ. ಎತ್ತರದ ಸಣ್ಣ ಉಂಡೆ ಇಟ್ಟು ಹರಡಿ, ಇನ್ನೊಂದು ಪೂರ್ತಿ ಹಾಳೆ ಬೇಡ. ತುಂಬುವ ಮೊದಲು ಮೆಟ್ಟಿಲಿನ ಮಾದರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬೆಟ್ಟದ ಮೇಲೆ ಮೆಟ್ಟಿಲು ಇದ್ದೇ ಇರುತ್ತದೆ ಅಂತ ಒಂದಿಬ್ಬರಾದರೂ ನಂಬಿಬಿಡುತ್ತಾರೆ, ಇದು ನಾನು ಕಂಡದ್ದು.

ಸರಿ ಬಂದಿದೆಯಾ ಅಂತ ನೋಡಲು ಮಾದರಿಯನ್ನು ಅಗಲವಾದ ಟಬ್ಬಿನಲ್ಲಿಟ್ಟು ಅರ್ಧ ಸೆಂ.ಮೀ. ಅರ್ಧ ಸೆಂ.ಮೀ. ನೀರು ಏರಿಸಿ. ಮಣ್ಣು ಒಂದು ದಿನ ನೆರಳಲ್ಲಿ ಬಿಗಿದಿರಬೇಕು. ಪೂರ್ತಿ ಒಣಗಿದ್ದರೆ ನೀರು ಕುಡಿದು ಪುಡಿಯಾಗುತ್ತದೆ, ಹಸಿಯಾಗಿದ್ದರೆ ಕರಗುತ್ತದೆ. ಪ್ರತಿ ಸಲ ನೀರಿನ ಅಂಚು ಆ ಹಾಳೆಯ ಮೇಲಂಚಿಗೆ ಸುತ್ತಲೂ ಒಟ್ಟಿಗೇ ತಾಗಬೇಕು. ಒಂದು ಕಡೆ ಮೊದಲೇ ಮುಳುಗಿದರೆ ಆ ಕಡೆ ಮಾದರಿ ತಗ್ಗಿದೆ, ಇಲ್ಲವೇ ಟಬ್ಬೇ ಓರೆಯಾಗಿದೆ. ನೀರು ಒಳಗೆ ನುಗ್ಗುವ ಕೊರಕಲು ಕಂಡರೆ ನಕ್ಷೆಯಲ್ಲಿ ಅದೇ ಜಾಗ ತೋರಿಸಿ. ಅಲ್ಲಿ ರೇಖೆಗಳ ಮೊನೆ ಬೆಟ್ಟದ ತುದಿಯ ಕಡೆ ತಿರುಗಿರುತ್ತದೆ, ಮಳೆಗಾಲದಲ್ಲಿ ಅದರಲ್ಲೇ ಹಳ್ಳ ಹರಿಯುವುದು. ಮೊನೆ ಕೆಳಗೆ ತಿರುಗಿದ್ದರೆ ಅದು ಚಾಚಿಕೊಂಡ ದಿಣ್ಣೆ.

ಒಣಗುವಾಗ ಜೇಡಿ ಕುಗ್ಗುತ್ತದೆ, ನೂರಕ್ಕೆ ಐದಾರು ಭಾಗ, ಕೆಲವು ಮಣ್ಣು ಇನ್ನೂ ಜಾಸ್ತಿ. ಒದ್ದೆ ಬಟ್ಟೆ ಹೊದಿಸಿ ನಿಧಾನಕ್ಕೆ ಒಣಗಿಸಿದರೆ ಬಿರುಕು ಕಡಿಮೆ. ಎಲ್ಲ ದಿಕ್ಕಿಗೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಮೂರು ಪಟ್ಟು ಹಿಗ್ಗು ಹಾಗೇ ಉಳಿಯುತ್ತದೆ. ದೂರದ ಲೆಕ್ಕ ಮಾತ್ರ ಕೆಡುತ್ತದೆ. ನಿಮ್ಮ 12 ಸೆಂ.ಮೀ. ಸುಮಾರು 11.3 ಆಗಿರುತ್ತದೆ. ಹಾಗಾಗಿ ದೂರವನ್ನು ಯಾವತ್ತೂ ಕಾಗದದ ಮೇಲೆ ಅಳೆಯಿರಿ, ಮಣ್ಣಿನ ಮೇಲೆ ಬೇಡ. ಹಲಗೆಯ ಮೇಲೆ ಒಂದು ಚೀಟಿ ಅಂಟಿಸಿ: ಅಡ್ಡ 1:12,500, ಎತ್ತರ 1:4,000, ಎತ್ತರ ಮೂರು ಪಟ್ಟು ಹಿಗ್ಗಿಸಿದೆ.

ಇಷ್ಟೆಲ್ಲ ಆದ ಮೇಲೂ ಯಾರಾದರೂ ಒಬ್ಬ ಬಂದು, ಗುಡಿ ಹಿಂದಿನ ದೊಡ್ಡ ಗುಂಡು ಎಲ್ಲಿ ಅಂತ ಕೇಳುತ್ತಾನೆ. ಅದು ಬರುವುದಿಲ್ಲ. ಹನ್ನೆರಡು ಮೀಟರ್ ಎತ್ತರದ ಬಂಡೆ 820ಕ್ಕೂ 840ಕ್ಕೂ ನಡುವೆ ಆರಾಮಾಗಿ ಅಡಗಿ ಕೂರಬಹುದು, ಯಾವ ರೇಖೆಯೂ ಅದನ್ನು ಮುಟ್ಟುವುದಿಲ್ಲ. ಎರಡು ರೇಖೆಗಳ ನಡುವೆ ನೀವು ತುಂಬಿದ ಮಣ್ಣು ಬರೀ ಊಹೆ. ಬೇಕಿದ್ದರೆ ಆ ಹುಡುಗನ ಕೈಗೇ ಒಂದು ಚೂರು ಮಣ್ಣು ಕೊಟ್ಟು ಗುಂಡು ಇಡಲು ಹೇಳಿ. 12 ಮೀಟರಿಗೆ ಎಷ್ಟು ಮಿ.ಮೀ. ಅಂತ ಅವನೇ ಲೆಕ್ಕ ಹಾಕಲಿ. ಮೂರು ಬಂದರೆ ಸರಿ.